ಸಹಿ ಹಾಕುವವರ ಮೇಲೊಂದು ತಕರಾರು

ಹೋದ ಡಿಸೆಂಬರಿನ ಮೊದಲ ಶನಿವಾರ. ಜಯನಗರ ನಾಲ್ಕನೇ ಬ್ಲಾಕಿನ ಒಂದು ದರ್ಶಿನಿಯಲ್ಲಿ ಕಾಫಿ ಲೋಟ ಇಡೋಕೂ ಜಾಗ ಸಿಗದೆ, ನಾನು ಮತ್ತು ನನ್ನ ಹಳೇ ಟೀಮಿನ ಹುಡುಗಿಯೊಬ್ಬಳು ಹೊರಗೆ ನಿಂತಿದ್ದ ಅವಳ ಸ್ಕೂಟರಿನ ಸೀಟಿನ ಮೇಲೆ ಒಂದು ಕಾಗದ ಹರಡಿಕೊಂಡು ನಿಂತಿದ್ದೆವು. ಅವಳು ಅಮೆರಿಕದಲ್ಲಿ ಎಂ.ಎಸ್. ಮಾಡಲು ಎಂಟು ಯೂನಿವರ್ಸಿಟಿಗಳಿಗೆ ಅರ್ಜಿ ಹಾಕುತ್ತಿದ್ದಳು. ಹೆಚ್ಚಿನವಕ್ಕೆ ಡಿಸೆಂಬರ್ 15 ಕೊನೇ ದಿನ. ಮೂರು ಶಿಫಾರಸು ಪತ್ರ ಬೇಕು. ಎರಡು ಕಾಲೇಜಿನಿಂದ, ಮೂರನೆಯದು ಅವಳ ಹಳೇ ಮ್ಯಾನೇಜರ್ ಆದ ನನ್ನಿಂದ.

“ಸಾರ್, ನಿಮಗೆ ತೊಂದರೆ ಬೇಡ ಅಂತ ನಾನೇ ಡ್ರಾಫ್ಟ್ ಮಾಡ್ಕೊಂಡು ಬಂದಿದೀನಿ. ಒಂದ್ಸಲ ಕಣ್ಣಾಡಿಸಿ ಅಪ್‌ಲೋಡ್ ಮಾಡಿಬಿಟ್ರೆ ಸಾಕು.”

ಕಣ್ಣಾಡಿಸಿದೆ. ಎರಡನೇ ಪ್ಯಾರಾ ಹೀಗೆ ಶುರುವಾಗುತ್ತಿತ್ತು: ‘ಶಿ ಈಸ್ ಎ ಹಾರ್ಡ್‌ವರ್ಕಿಂಗ್ ಅಂಡ್ ಸಿನ್ಸಿಯರ್ ಪ್ರೊಫೆಷನಲ್ ವಿತ್ ಎಕ್ಸಲೆಂಟ್ ಅನಲಿಟಿಕಲ್ ಸ್ಕಿಲ್ಸ್.’

ಈ ಸಾಲನ್ನ ನಾನು ಮೊದಲೇ ಎಲ್ಲೋ ಓದಿದ್ದೆ. ಎಲ್ಲಿ ಅಂತಲೂ ನೆನಪಿತ್ತು. ಸುಮಾರು ಇಪ್ಪತ್ತು ವರ್ಷದ ಹಿಂದೆ ಬನಶಂಕರಿ ಎರಡನೇ ಹಂತದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಇದೇ ಸಾಲನ್ನ ನಾನು ದುಡ್ಡು ಕೊಟ್ಟು ಪ್ರಿಂಟ್ ಹಾಕಿಸಿಕೊಂಡಿದ್ದೆ. ಅಂಗಡಿಯವರ ಕಂಪ್ಯೂಟರಿನಲ್ಲಿ ಶಿಫಾರಸು ಪತ್ರಗಳಿಗೇ ಅಂತ ಒಂದು ಫೋಲ್ಡರ್ ಇತ್ತು. ಹೆಸರು ಬದಲಾಯಿಸು, ಬ್ರಾಂಚ್ ಬದಲಾಯಿಸು, ಕಾಲೇಜಿನ ಲೆಟರ್‌ಹೆಡ್ ಮೇಲೆ ಪ್ರಿಂಟ್ ಕೊಡು. ವಿಭಾಗದ ಮುಖ್ಯಸ್ಥರು ಓದದೇ ಸಹಿ ಹಾಕಿದರು, ಕವರ್ ಅಂಟಿಸಿದರು, ಅಂಟಿಸಿದ ಜಾಗದ ಮೇಲೆ ಅಡ್ಡಡ್ಡ ಇನ್ನೊಂದು ಸಹಿ, ಅದರ ಮೇಲೊಂದು ಸೀಲು. ಉಳಿದಿದ್ದ ಒಂದು ಪ್ರತಿಯನ್ನ ಮನೆಯಲ್ಲಿ ಕೂತು ಓದಿದಾಗ ಗೊತ್ತಾಯಿತು, ಮೊದಲೆರಡು ಪ್ಯಾರಾದಲ್ಲಿ ನಾನು ‘ಹಿ’, ಮೂರನೇ ಪ್ಯಾರಾದಲ್ಲಿ ‘ಶಿ’. ನನಗಿಂತ ಮುಂಚೆ ಆ ಫೈಲನ್ನ ಯಾವಳೋ ಹುಡುಗಿ ಉಪಯೋಗಿಸಿದ್ದಳು. ಅವಳೂ ಹಾರ್ಡ್‌ವರ್ಕಿಂಗ್ ಅಂಡ್ ಸಿನ್ಸಿಯರ್.

ಆಗ ನಕ್ಕಿದ್ದೆ. ಸಹಿ ಹಾಕುವ ಕುರ್ಚಿಗೆ ನಾನೇ ಬಂದ ಮೇಲೆ ನಗು ಬರ್ತಿಲ್ಲ. ನನ್ನ ತಕರಾರು ಡ್ರಾಫ್ಟ್ ಬರೆದುಕೊಂಡು ಬರುವ ಮಕ್ಕಳ ಮೇಲಲ್ಲ. ‘ನೀನೇ ಬರ್ಕೊಂಡ್ ಬಾ, ಸಹಿ ಹಾಕ್ತೀನಿ’ ಅನ್ನುವ ನಮ್ಮ ಮೇಲೆ. ಮೇಷ್ಟ್ರುಗಳು, ಮ್ಯಾನೇಜರುಗಳು, ಟೀಮ್ ಲೀಡುಗಳು ಎಲ್ಲರೂ ಸೇರಿ. ನಾವದನ್ನ ಉಪಕಾರ ಅಂದುಕೊಂಡಿದ್ದೇವೆ. ಉದಾಹರಣೆ ಇಲ್ಲದ ಹೊಗಳಿಕೆಗೆ ಸಹಿ ಹಾಕಿದರೆ ಆ ಹುಡುಗಿಯ ಬಗ್ಗೆ ‘ನನಗೆ ಹೇಳೋಕೆ ಏನೂ ಇಲ್ಲ’ ಅಂತ ಬರೆದುಕೊಟ್ಟ ಹಾಗೆ. ಅದೂ ಅವಳಿಗೆ ಗೊತ್ತಾಗದ ಹಾಗೆ.

ಈ ರೋಗ ಎಲ್ಲಿಂದ ಬಂತು ಅನ್ನೋದಕ್ಕೆ ನನ್ನದೊಂದು ಊಹೆ ಇದೆ. ನಮ್ಮ ಭಾಷೆಯಲ್ಲಿ ‘ಶಿಫಾರಸು’ ಅನ್ನೋ ಪದವೇ ಬೇರೆ ಕೆಲಸ ಮಾಡುತ್ತೆ. ‘ಅವನಿಗೆ ಶಿಫಾರಸು ಇತ್ತು’ ಅಂದರೆ ಅವನ ಬಗ್ಗೆ ಯಾರೋ ನಾಲ್ಕು ಒಳ್ಳೇ ಮಾತು ಬರೆದಿದ್ದರು ಅಂತಲ್ಲ, ದೊಡ್ಡವರ ಲೆಟರ್ ಇತ್ತು ಅಂತ. ಅಲ್ಲಿ ಭಾರ ಇರೋದು ಸಹಿಯಲ್ಲಿ, ಒಳಗಿನ ಮಾತನ್ನ ಯಾರೂ ಓದಲ್ಲ. ಇದರ ಜೊತೆಗೆ ಸ್ಕೂಲು ಬಿಡುವಾಗ ಕೊಡೋ ಟಿ.ಸಿ. ಇದೆ. ಅದರಲ್ಲಿ ‘ನಡತೆ’ ಅನ್ನೋ ಕಲಮಿನ ಮುಂದೆ ‘ಉತ್ತಮ’ ಅಂತ ಇರುತ್ತೆ. ಕಿಟಕಿ ಗಾಜು ಒಡೆದವನಿಗೂ ಉತ್ತಮ, ಒಡೆದವನ ಹೆಸರು ಹೇಳಿಕೊಟ್ಟವನಿಗೂ ಉತ್ತಮ. ನಮ್ಮ ಬಗ್ಗೆ ಬೇರೆಯವರು ಬರೆದ ಮೊದಲ ಮಾತು ಅದು. ಅದನ್ನೇ ಹಿಗ್ಗಿಸಿ, ಇಂಗ್ಲಿಷಿಗೆ ತಂದು, ಒಂದು ಪುಟ ಮಾಡಿ ಕಡಲಾಚೆ ಕಳಿಸುತ್ತಿದ್ದೇವೆ. ಅಲ್ಲಿ ಓದುವವರಿಗೆ ನಮ್ಮ ಸಹಿ ಯಾರದ್ದು ಅಂತ ಗೊತ್ತಿಲ್ಲ. ಅವರ ಕೈಗೆ ಸಿಗೋದು ಒಳಗಿನ ಮಾತು ಮಾತ್ರ, ಅದು ಖಾಲಿ.

ಹಾಗಂದರೆ ಯಾರಾದರೂ ಒಬ್ಬರು ಜಾನ್ ನ್ಯಾಶ್ ಕಥೆ ತೆಗೀತಾರೆ. 1948ರಲ್ಲಿ ಕಾರ್ನೆಗಿಯ ಪ್ರೊಫೆಸರ್ ರಿಚರ್ಡ್ ಡಫಿನ್ ಪ್ರಿನ್ಸ್‌ಟನ್‌ಗೆ ಬರೆದ ಶಿಫಾರಸು ಪತ್ರ ಕೆಲವೇ ಸಾಲಿನದ್ದು. ಹುಡುಗನ ವಯಸ್ಸು, ಯಾವಾಗ ಪದವಿ ಮುಗಿಸುತ್ತಾನೆ ಅನ್ನೋ ವಿವರ, ಕೊನೆಗೆ ಅವನೊಬ್ಬ ಗಣಿತದ ಜೀನಿಯಸ್ ಅನ್ನೋ ಮಾತು. ಅಷ್ಟೇ. ಉದಾಹರಣೆಯೇ ಇಲ್ಲವಲ್ಲ ಅಂತ ವಾದ. ಸರಿ, ಒಪ್ಪಿದೆ. ಡಫಿನ್ ಗಣಿತಜ್ಞರ ನಡುವೆ ಓಡಾಡುತ್ತಿದ್ದ ಗಣಿತಜ್ಞ, ಅವರ ‘ಜೀನಿಯಸ್’ ಅನ್ನೋ ಪದಕ್ಕೆ ಆ ಕಡೆ ಬೆಲೆ ಇತ್ತು. ಜೆ.ಪಿ. ನಗರದ ಏಳನೇ ಹಂತದಲ್ಲಿ ಕೂತು ನಾನು ‘ಎಕ್ಸಲೆಂಟ್’ ಅಂದರೆ ಅದಕ್ಕೆ ಎಷ್ಟು ಬೆಲೆ? ನನ್ನ ‘ಎಕ್ಸಲೆಂಟ್’ ಎಷ್ಟು ಎತ್ತರ ಅಂತ ಅಳೆಯೋಕೆ ಅವರ ಹತ್ತಿರ ಅಳತೆಗೋಲೇ ಇಲ್ಲ. ಆ ಅಳತೆಗೋಲನ್ನ ನಾನೇ ಪತ್ರದೊಳಗೆ ಇಟ್ಟು ಕಳಿಸಬೇಕು. ಅದಕ್ಕೇ ಉದಾಹರಣೆ.

ಸ್ಕೂಟರಿನ ಹತ್ತಿರ ವಾಪಸ್ ಬರೋಣ. “ಏನಮ್ಮಾ, ಅನಲಿಟಿಕಲ್ ಸ್ಕಿಲ್ಸ್ ಅಂದ್ಯಲ್ಲ, ನಾನು ಅದನ್ನ ಯಾವಾಗ ನೋಡಿದೆ?” ಅಂತ ಕೇಳಿದೆ. ಅವಳು ಸ್ವಲ್ಪ ಯೋಚಿಸಿ, “ಸ್ಪಾಟ್ ಅವಾರ್ಡ್ ಬಂದಿತ್ತಲ್ಲ ಸಾರ್” ಅಂದಳು.

ಇದು ಎಲ್ಲರೂ ಕೊಡೋ ಉತ್ತರ. ಅವಾರ್ಡ್ ಉದಾಹರಣೆ ಅಲ್ಲ. ಅದು ಇನ್ನೊಬ್ಬರು ಕೊಟ್ಟ ಇನ್ನೊಂದು ‘ಉತ್ತಮ’. ಜೊತೆಗೆ ಅದು ಅವಳ ರೆಸ್ಯೂಮೆಯಲ್ಲೇ ಇರುತ್ತೆ. ರೆಸ್ಯೂಮೆಯಲ್ಲಿ ಇರೋದನ್ನ, ಅವಳೇ ಬರೆದ ಸ್ಟೇಟ್‌ಮೆಂಟಿನಲ್ಲಿ ಇರೋದನ್ನ ಪತ್ರದಲ್ಲಿ ಇನ್ನೊಂದು ಸಲ ಹೇಳಿದರೆ ಓದುವವರಿಗೆ ಹೊಸದೇನೂ ಸಿಗಲ್ಲ. ನನ್ನ ಕಣ್ಣಿಗೆ ಬಿದ್ದು, ಅವಳಿಗೆ ಕಾಣದೇ ಹೋಗಿರೋದು ಬೇಕು. ಅವಾರ್ಡ್ ಯಾವುದಕ್ಕೆ ಬಂತು ಅಂತ ಕೇಳಿದ್ದಕ್ಕೆ ಅವಳು ಹೇಳಿದ್ದು ಒಂದೇ ಮಾತು: “ಅದೇ ಸಾರ್, ಆ ಡೈಲಿ ರಿಪೋರ್ಟ್ ಇಶ್ಯೂ.”

ಆ ಡೈಲಿ ರಿಪೋರ್ಟ್ ಇಶ್ಯೂ ಏನು ಅಂತ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಡೀ ಪತ್ರ ನಿಂತಿದ್ದು ಅದರ ಮೇಲೆ.

ನಮ್ಮ ಸಾಫ್ಟ್‌ವೇರ್ ಅಂಗಡಿಗಳಿಗೆ ಆನ್‌ಲೈನ್ ಆರ್ಡರ್ ತಗೊಳ್ಳೋದು. ಪ್ರತಿ ಅಂಗಡಿಗೆ ದಿನಾ ಒಂದು ಮಾರಾಟದ ರಿಪೋರ್ಟ್ ಹೋಗುತ್ತಿತ್ತು. ಆ ಮೊತ್ತ ಬ್ಯಾಂಕಿನ ಲೆಕ್ಕಕ್ಕೆ ತಾಳೆ ಆಗುತ್ತಿರಲಿಲ್ಲ. ಒಂದು ದಿನ ಸ್ವಲ್ಪ ಹೆಚ್ಚು, ಇನ್ನೊಂದು ದಿನ ಸ್ವಲ್ಪ ಕಮ್ಮಿ. ರೀಫಂಡ್ ತಡವಾಗಿ ಬೀಳುತ್ತಲ್ಲ, ಅದರಿಂದ ಹೀಗೆ ಅಂತ ನಾವು ಹಿರಿಯರೆಲ್ಲ ತೀರ್ಮಾನಿಸಿ ಸುಮ್ಮನಾಗಿದ್ದೆವು. ಅವಳು ಆಗ ಟೆಸ್ಟರ್, ಕೆಲಸಕ್ಕೆ ಸೇರಿ ಹನ್ನೊಂದು ತಿಂಗಳು. ಯಾರೂ ಹೇಳದೇ ಒಂದು ಅಂಗಡಿಯ ಪೂರ್ತಿ ಒಂದು ತಿಂಗಳ ಲೆಕ್ಕವನ್ನ ಎಕ್ಸೆಲ್‌ನಲ್ಲಿ ಜೋಡಿಸಿಕೊಂಡು ಕೂತಳು. ದಿನದ ಮೊತ್ತಗಳು ತಪ್ಪಿದ್ದವು, ಆದರೆ ತಿಂಗಳ ಮೊತ್ತ ಹೆಚ್ಚುಕಮ್ಮಿ ಸರಿಯಾಗೇ ಇತ್ತು. ಅವಳ ತಲೆ ಓಡಿದ್ದು ಇಲ್ಲೇ. ತಿಂಗಳ ಲೆಕ್ಕ ಕೂಡುತ್ತೆ ಅಂದರೆ ದುಡ್ಡು ಎಲ್ಲೂ ಕಳೆದುಹೋಗುತ್ತಿಲ್ಲ, ಒಂದು ದಿನದಿಂದ ಪಕ್ಕದ ದಿನಕ್ಕೆ ಜಾರುತ್ತಿದೆ. ಹಾಗಾದರೆ ದಿನ ಮತ್ತು ದಿನದ ನಡುವಿನ ಗೆರೆ ತಪ್ಪು ಜಾಗದಲ್ಲಿದೆ.

ಗೆರೆ ನಿಜಕ್ಕೂ ತಪ್ಪು ಜಾಗದಲ್ಲಿತ್ತು. ಸರ್ವರ್ ಓಡುತ್ತಿದ್ದದ್ದು ಯುಟಿಸಿ ಸಮಯದಲ್ಲಿ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ರಿಪೋರ್ಟಿನ ಪಾಲಿಗೆ ‘ಸೋಮವಾರ’ ಅಂದರೆ ನಮ್ಮ ಸೋಮವಾರ ಬೆಳಗಿನ ಜಾವ ಐದೂವರೆಯಿಂದ ಮಂಗಳವಾರ ಬೆಳಗಿನ ಜಾವ ಐದೂವರೆವರೆಗೆ. ಸೋಮವಾರ ನಡುರಾತ್ರಿ ಹನ್ನೆರಡರಿಂದ ಐದೂವರೆ ಒಳಗೆ 2,000 ರೂಪಾಯಿ ಆರ್ಡರ್ ಬಂದಿದೆ, ಮಂಗಳವಾರ ಅದೇ ಹೊತ್ತಿನಲ್ಲಿ 5,000, ಬುಧವಾರ 4,000 ಅಂತಿಟ್ಟುಕೊಳ್ಳಿ. ಸೋಮವಾರದ ರಿಪೋರ್ಟು ತನ್ನ 2,000 ಬಿಟ್ಟು ಮಂಗಳವಾರದ 5,000 ಸೇರಿಸಿಕೊಳ್ಳುತ್ತೆ, ಅಂದರೆ 3,000 ಹೆಚ್ಚು. ಮಂಗಳವಾರದ್ದು ತನ್ನ 5,000 ಬಿಟ್ಟು ಬುಧವಾರದ 4,000 ಸೇರಿಸಿಕೊಳ್ಳುತ್ತೆ, ಅಂದರೆ 1,000 ಕಮ್ಮಿ. ಕಾಣಿಸೋದು ಯಾವಾಗಲೂ ಎರಡು ರಾತ್ರಿಗಳ ವ್ಯತ್ಯಾಸ ಮಾತ್ರ. ಎರಡೂ ರಾತ್ರಿ ಒಂದೇ ಥರ ಇದ್ದರೆ ಏನೂ ಕಾಣಿಸೋದೇ ಇಲ್ಲ. ಅಷ್ಟು ಜನ ಅಷ್ಟು ದಿನ ಹಿಡಿಯದೇ ಹೋಗಿದ್ದಕ್ಕೆ ಕಾರಣವೂ ಅದೇ.

ಇಷ್ಟು ಮಾಡಿದವಳು ತನ್ನ ಬಗ್ಗೆ ಬರೆದುಕೊಂಡಿದ್ದು ‘ಎಕ್ಸಲೆಂಟ್ ಅನಲಿಟಿಕಲ್ ಸ್ಕಿಲ್ಸ್’ ಅಂತ! ತನ್ನ ಬಗ್ಗೆ ತಾನೇ ಬರೆಯೋಕೆ ಕೂತರೆ ಯಾರಿಗಾದರೂ ಹೀಗೇ ಆಗೋದು. ಸಂಕೋಚಕ್ಕೆ ವಿವರ ಕೈಕೊಡುತ್ತೆ, ಭಯಕ್ಕೆ ವಿಶೇಷಣ ಸಾಲುಗಟ್ಟುತ್ತೆ. ಅದಕ್ಕೇ ಆ ಕೆಲಸ ಅವಳದ್ದಲ್ಲ ಅನ್ನೋದು.

ಆ ರಾತ್ರಿ ಮನೆಯಲ್ಲಿ ಬರೆಯೋಕೆ ಕೂತೆ. ಮೊದಲ ಸಲ ಬರೆದದ್ದು ನೆನಪಿನಿಂದ, ಬಲು ಹುರುಪಿನಿಂದ. ಒಂದು ವರ್ಷದಿಂದ ಇದ್ದ ಸಮಸ್ಯೆಯನ್ನ ಅವಳು ಬಗೆಹರಿಸಿದಳು ಅಂತ ಬರೆದೆ. ಆಮೇಲೆ ಯಾಕೋ ಅನುಮಾನ ಬಂದು, ಅವಳ ಜೊತೆ ಆಗ ಕೆಲಸ ಮಾಡಿದ್ದ, ಈಗಲೂ ಅಲ್ಲೇ ಇರುವ ಇಬ್ಬರಿಗೆ ಫೋನ್ ಮಾಡಿದೆ. ಸಮಸ್ಯೆ ಇದ್ದದ್ದು ಐದು ತಿಂಗಳು, ಒಂದು ವರ್ಷ ಅಲ್ಲ. ಕೋಡ್ ಸರಿಮಾಡಿದ್ದು ಬೇರೆ ಹುಡುಗ, ಅವಳಲ್ಲ. ಅವಳು ಕಾರಣ ಕಂಡುಹಿಡಿದು ಅದಕ್ಕೆ ಸಾಕ್ಷಿ ಜೋಡಿಸಿದ್ದು. ಹೊಗಳೋಕೆ ಹೊರಟ ನೆನಪು ತಾನಾಗೇ ಊದಿಕೊಳ್ಳುತ್ತೆ. ಯಾವ ದುರುದ್ದೇಶವೂ ಬೇಕಿಲ್ಲ. ಆದರೆ ನಾಳೆ ಯಾರಾದರೂ ಅವಳನ್ನ ‘ಆ ಕೋಡ್ ಹೇಗೆ ಬದಲಾಯಿಸಿದೆ?’ ಅಂತ ಕೇಳಿದರೆ ತಬ್ಬಿಬ್ಬಾಗೋದು ಅವಳು, ನಾನಲ್ಲ.

ಎರಡನೇ ಸಲ ಬರೆದದ್ದರಲ್ಲಿ ಇನ್ನೊಂದು ಕೆಡುಕು. ಸತ್ಯವೇ ಇತ್ತು, ಆದರೆ ಮುಕ್ಕಾಲು ಪುಟ ನಮ್ಮ ಸಾಫ್ಟ್‌ವೇರಿನ ವರ್ಣನೆ. ಡೇಟಾಬೇಸ್ ಯಾವುದು, ರಿಪೋರ್ಟ್ ಹೇಗೆ ತಯಾರಾಗುತ್ತೆ, ಎಲ್ಲ. ಅವಳು ಎಲ್ಲೋ ಕೊನೇಲಿ ಎರಡು ಸಾಲಿಗೆ ಬಂದುಹೋಗುತ್ತಿದ್ದಳು. ನಾವು ಎಂಜಿನಿಯರುಗಳು ಮಾಡೋದೇ ಹೀಗೆ, ಮನುಷ್ಯರನ್ನ ಹೊಗಳು ಅಂದರೆ ಸಿಸ್ಟಮ್ಮನ್ನ ಹೊಗಳ್ತೀವಿ. ಒಂದೊಂದು ವಾಕ್ಯದ ಕರ್ತೃ ಯಾರು ಅಂತ ನೋಡಿದೆ. ‘ಅವಳು’ ಕರ್ತೃ ಆಗಿರದ ವಾಕ್ಯಗಳನ್ನೆಲ್ಲ ಹೊಡೆದುಹಾಕಿದೆ, ಹಿನ್ನೆಲೆ ತಿಳಿಯೋಕೆ ಬೇಕಾದ ಎರಡು ಬಿಟ್ಟು. ಅಂಗಡಿಯ ಹೆಸರು, ನಿಜವಾದ ಮೊತ್ತ ಯಾವುದನ್ನೂ ಇಡಲಿಲ್ಲ. ಅದು ಕಂಪನಿಯ ಗುಟ್ಟು, ಮತ್ತೆ ಅದರಿಂದ ಅವಳ ಬುದ್ಧಿ ಹೆಚ್ಚೂ ಕಾಣಲ್ಲ, ಕಮ್ಮಿಯೂ ಕಾಣಲ್ಲ.

ಕೊನೆಗೆ ಆ ಒಂದು ಸಾಲಿನ ಜಾಗದಲ್ಲಿ ನಿಂತದ್ದು ಇಷ್ಟು. ಪತ್ರ ಇರೋದು ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಅದರ ಸಾರ ಕೊಡುತ್ತಿದ್ದೇನೆ:

‘ದಿನದ ಮಾರಾಟದ ವರದಿಗಳು ಬ್ಯಾಂಕ್ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ನಾನೂ ಸೇರಿದಂತೆ ಹಿರಿಯರು ಅದನ್ನು ರೀಫಂಡ್ ತಡವಾಗುವುದರ ಪರಿಣಾಮವೆಂದು ಐದು ತಿಂಗಳು ಒಪ್ಪಿಕೊಂಡಿದ್ದೆವು. ಅವಳು ಯಾರೂ ಕೇಳದೆಯೇ ಒಂದು ತಿಂಗಳ ಲೆಕ್ಕ ಜೋಡಿಸಿ, ದಿನದ ಮೊತ್ತಗಳು ತಪ್ಪಿದ್ದರೂ ತಿಂಗಳ ಮೊತ್ತ ಸರಿಹೊಂದುವುದನ್ನು ಗಮನಿಸಿದಳು. ಹಣ ಕಳೆದಿಲ್ಲ, ದಿನದಿಂದ ದಿನಕ್ಕೆ ಜಾರುತ್ತಿದೆ ಎಂದು ಅದರಿಂದ ತರ್ಕಿಸಿ, ವರದಿಯು ಭಾರತದ ಸಮಯದ ಬದಲು ಯುಟಿಸಿಯಲ್ಲಿ ದಿನ ಎಣಿಸುತ್ತಿರುವುದನ್ನು ತೋರಿಸಿಕೊಟ್ಟಳು. ಆಗ ಅವಳಿಗೆ ಹನ್ನೊಂದು ತಿಂಗಳ ಅನುಭವ. ನಾನು ಈವರೆಗೆ ನೇರವಾಗಿ ನೋಡಿಕೊಂಡ ಒಂಬತ್ತು ಟೆಸ್ಟರ್‌ಗಳಲ್ಲಿ, ತಪ್ಪನ್ನು ವರದಿ ಮಾಡಿ ನಿಲ್ಲದೆ ಕಾರಣದವರೆಗೆ ಹೋದವರು ಇಬ್ಬರು. ಅವಳು ಅವರಲ್ಲಿ ಒಬ್ಬಳು.’

ಕೊನೇ ವಾಕ್ಯಕ್ಕೆ ಅರ್ಧ ಗಂಟೆ ಹಿಡಿಯಿತು. ಮೊದಲು ‘ನಾನು ಕಂಡ ಅತ್ಯುತ್ತಮ ಟೆಸ್ಟರ್’ ಅಂತಿತ್ತು. ಎಷ್ಟು ಜನರಲ್ಲಿ ಅಂತ ನನ್ನನ್ನೇ ಕೇಳಿಕೊಂಡು ಬೆರಳು ಮಡಚಿ ಎಣಿಸಿದೆ. ಒಂಬತ್ತು. ಎಣಿಸುವಾಗಲೇ ಇನ್ನೊಬ್ಬನ ನೆನಪಾಯಿತು, ಅವನೂ ಹೀಗೇ ಬೇರುಮಟ್ಟ ಅಗೆಯುವವನು. ‘ಒಬ್ಬಳೇ’ ಅಂತ ಬರೆದರೆ ಸುಳ್ಳು. ‘ಇಬ್ಬರಲ್ಲಿ ಒಬ್ಬಳು’ ಅಂದಾಗ ಹೊಗಳಿಕೆ ಸಣ್ಣದಾಯಿತು ಅಂತ ಒಂದು ಕ್ಷಣ ಅನ್ನಿಸಿತು. ಆದರೆ ಓದುವವರ ಕಡೆಯಿಂದ ನೋಡಿ. ‘ಅತ್ಯುತ್ತಮ’ ಅಂದರೆ ಎಷ್ಟು ಜನರ ಪೈಕಿ ಅಂತ ಅವರಿಗೆ ಗೊತ್ತಿಲ್ಲ. ಒಂಬತ್ತರಲ್ಲಿ ಇಬ್ಬರು ಅಂದರೆ, ಈ ಮನುಷ್ಯ ಕೂತು ಎಣಿಸಿದ್ದಾನೆ ಅಂತ ಗೊತ್ತಾಗುತ್ತೆ.

ಇನ್ನು ‘ಹಾರ್ಡ್‌ವರ್ಕಿಂಗ್ ಅಂಡ್ ಸಿನ್ಸಿಯರ್’. ಅದನ್ನ ಪೂರ್ತಿ ತೆಗೆದೆ. ತೆಗೆದಿದ್ದಕ್ಕೆ ಅವಳಿಗೆ ಬೇಜಾರಾಗಬಹುದು, ಅವಳು ನಿಜಕ್ಕೂ ಕಷ್ಟಪಟ್ಟು ದುಡಿಯುವವಳೇ. ಆದರೆ ಈ ಪದದ ಬಗ್ಗೆ ಒಂದು ವಿಷಯ ಓದಿದ ಮೇಲೆ ನನಗದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಫ್ರಾನ್ಸೆಸ್ ಟ್ರಿಕ್ಸ್ ಮತ್ತು ಕ್ಯಾರೊಲಿನ್ ಸೆಂಕಾ ಅನ್ನುವ ಇಬ್ಬರು ಅಮೆರಿಕದ ಒಂದು ದೊಡ್ಡ ಮೆಡಿಕಲ್ ಕಾಲೇಜಿನ ಅಧ್ಯಾಪಕ ಹುದ್ದೆಗಳಿಗೆ ಬಂದಿದ್ದ ಮುನ್ನೂರಕ್ಕೂ ಹೆಚ್ಚು ಶಿಫಾರಸು ಪತ್ರಗಳನ್ನ ಕೂತು ಓದಿ 2003ರಲ್ಲಿ ಪ್ರಕಟಿಸಿದರು. ಹೆಂಗಸರ ಬಗ್ಗೆ ಬರೆದ ಪತ್ರಗಳು ಸರಾಸರಿಯಲ್ಲಿ ಗಿಡ್ಡ. ಅವುಗಳಲ್ಲಿ ಅನುಮಾನ ಹುಟ್ಟಿಸುವ ಮಾತು ಜಾಸ್ತಿ. ಕಷ್ಟಪಟ್ಟು ದುಡಿಯುವವಳು, ನಿಷ್ಠೆಯವಳು ಅನ್ನೋ ಜಾತಿಯ ಪದಗಳೂ ಜಾಸ್ತಿ. ಗಂಡಸರ ಪತ್ರಗಳಲ್ಲಿ ಅವರ ಸಂಶೋಧನೆಯ ಪ್ರಸ್ತಾಪ ಹೆಚ್ಚು. ಅಂದರೆ ಅವನಿಗೆ ತಲೆ, ಅವಳಿಗೆ ಬೆವರು. ಇದನ್ನ ಬರೆದವರು ಯಾರೂ ಕೆಟ್ಟವರಲ್ಲ. ಉದಾಹರಣೆ ಹುಡುಕೋ ಶ್ರಮ ತಗೊಳ್ಳದೇ ಇದ್ದಾಗ ಕೈ ತಾನಾಗೇ ಹತ್ತಿರದಲ್ಲಿರೋ ಪದಕ್ಕೆ ಹೋಗುತ್ತೆ, ಹುಡುಗಿಯರ ಪಕ್ಕ ಯಾವಾಗಲೂ ಬಿದ್ದಿರೋದು ಆ ಪದ. ನನ್ನ ಹುಡುಗಿ ತಿಂಗಳ ಮೊತ್ತ ನೋಡಿ ಗೆರೆ ತಪ್ಪಿದೆ ಅಂತ ಹೇಳಿದ್ದು ರಾತ್ರಿಯೆಲ್ಲ ಕೂತಿದ್ದಕ್ಕಲ್ಲ. ಯೋಚಿಸಿದ್ದಕ್ಕೆ. ಅವಳ ಮೇಲೆ ‘ಹಾರ್ಡ್‌ವರ್ಕಿಂಗ್’ ಅಂತ ಚೀಟಿ ಅಂಟಿಸೋದು ಅವಳ ತಲೆಯ ಕೆಲಸವನ್ನ ಬೆವರಿನ ಲೆಕ್ಕಕ್ಕೆ ಬರೆದ ಹಾಗೆ.

ಸಾಲು ಗಟ್ಟಿಯಾಗಿದೆಯಾ ಅಂತ ನೋಡೋಕೆ ನನ್ನ ಹತ್ತಿರ ಇರೋದು ಒಂದೇ ಪರೀಕ್ಷೆ. ಅವಳ ಹೆಸರಿನ ಮೇಲೆ ಬೆರಳಿಟ್ಟು ಮುಚ್ಚಿ, ಅಲ್ಲಿ ಇನ್ನೊಬ್ಬರ ಹೆಸರು ಇಟ್ಟು ಓದಿ. ‘ಹಾರ್ಡ್‌ವರ್ಕಿಂಗ್ ಅಂಡ್ ಸಿನ್ಸಿಯರ್’ ಯಾರ ಹೆಸರಿಗೂ ಕೂರುತ್ತೆ, ನಮ್ಮ ಆಫೀಸಿನ ಕಾಫಿ ಮೆಷಿನ್ನಿಗೂ ಕೂರುತ್ತೆ. ತಿಂಗಳ ಮೊತ್ತದ ಮಾತು ಅವಳೊಬ್ಬಳಿಗೇ ಕೂರೋದು.

ಒಂದೇ ಸಾಕಾ, ಇನ್ನೂ ನಾಲ್ಕು ಉದಾಹರಣೆ ಕೊಡಬಾರದಾ? ನನಗೂ ಆಸೆ ಆಯಿತು. ಅವಳು ಹೊಸಬರಿಗೆ ಪಾಠ ಮಾಡಿದ್ದು, ಡೆಮೋ ಕೊಟ್ಟಿದ್ದು. ಒಂದೊಂದಕ್ಕೆ ಒಂದೊಂದು ಸಾಲು ಬರೆದು ನೋಡಿದರೆ ಅದು ಮತ್ತೆ ಪಟ್ಟಿಯಾಯಿತು, ಅಂದರೆ ರೆಸ್ಯೂಮೆ. ಒಂದು ಘಟನೆಗೆ ಆರು ವಾಕ್ಯ ಕೊಟ್ಟಾಗ ಮಾತ್ರ ಓದುವವರಿಗೆ ಅವಳು ಯೋಚಿಸುವ ರೀತಿ ಕಾಣುತ್ತೆ. ಐದು ಘಟನೆಗೆ ಆರು ವಾಕ್ಯ ಹಂಚಿದರೆ ಯಾವುದೂ ಕಾಣಲ್ಲ. ನನ್ನದು ಮೂರರಲ್ಲಿ ಒಂದು ಪತ್ರ. ಪಾಠ ಮಾಡಿದ್ದನ್ನ, ಪ್ರಾಜೆಕ್ಟನ್ನ ಹೇಳೋಕೆ ಅವಳ ಮೇಷ್ಟ್ರುಗಳಿದ್ದಾರೆ. ಅವರು ಹೇಳಿದರೆ.

ಈ ‘ಹೇಳಿದರೆ’ಯೇ ಜಗಳಕ್ಕೆ ದಾರಿಯಾಯಿತು. ನನ್ನ ಕ್ಲಾಸ್‌ಮೇಟ್ ಒಬ್ಬ ದಕ್ಷಿಣ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೇಷ್ಟ್ರು. ಈ ಕಥೆ ಹೇಳಿದಾಗ ಅವನು ಸಿಡಿದುಬಿದ್ದ. “ನಿನಗೇನೋ, ವರ್ಷಕ್ಕೆ ಒಬ್ಬರೋ ಇಬ್ಬರೋ ಬರ್ತಾರೆ. ನನ್ನ ಹತ್ರ ನಲವತ್ತು ಜನ ಬರ್ತಾರೆ ಕಣೋ. ಒಬ್ಬೊಬ್ಬರಿಗೆ ಎಂಟೆಂಟು ಪೋರ್ಟಲ್. ನಾನು ಪಾಠ ಮಾಡ್ಲಾ, ಪೇಪರ್ ತಿದ್ಲಾ, ಇಲ್ಲ ಕೂತ್ಕೊಂಡು ಕಥೆ ಬರೀಲಾ?”

ಅವನ ಕಷ್ಟ ಸುಳ್ಳಲ್ಲ. ಒಂದು ಪತ್ರ ಬರೆದರೂ ಎಂಟು ಲಿಂಕ್ ಒತ್ತಿ, ಎಂಟು ಸಲ ಅದೇ ಪ್ರಶ್ನೆಗಳಿಗೆ ಉತ್ತರ ತುಂಬಬೇಕು. ಅದಕ್ಕೆ ಅವನ ಜೊತೆ ನಾನು ಒಂದು ರಾಜಿಗೆ ಬಂದೆ. ಮಕ್ಕಳ ಕೈಯಲ್ಲಿ ಡ್ರಾಫ್ಟ್ ಬರೆಸಬೇಡ, ಸಂಗತಿ ಬರೆಸು. ನನ್ನ ಕ್ಲಾಸಿನಲ್ಲಿ ಅಥವಾ ಲ್ಯಾಬಿನಲ್ಲಿ ನೀನು ಮಾಡಿದ ಯಾವ ಕೆಲಸ ನನಗೆ ಗೊತ್ತಿದೆ? ಅದರಲ್ಲಿ ಎಲ್ಲಿ ಸಿಕ್ಕಿಕೊಂಡೆ? ಹೇಗೆ ಹೊರಗೆ ಬಂದೆ? ಪ್ರಾಜೆಕ್ಟ್ ನಾಲ್ಕು ಜನರದ್ದಾದರೆ ನಿನ್ನ ಪಾಲು ಯಾವುದು? ಇಷ್ಟಕ್ಕೆ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಹೇಗೆ ಬರುತ್ತೋ ಹಾಗೆ ಉತ್ತರ ಬರೆದು ಕಳಿಸಲಿ. ವಾಕ್ಯ ನಿನ್ನದಾಗಿರಲಿ. ಕೊನೇ ಪ್ರಶ್ನೆ ಬಿಡಬೇಡ, ಒಂದೇ ಪ್ರಾಜೆಕ್ಟಿನ ನಾಲ್ಕೂ ಜನ ಒಂದೇ ಯೂನಿವರ್ಸಿಟಿಗೆ ಅರ್ಜಿ ಹಾಕಿ, ನಾಲ್ಕೂ ಪತ್ರದಲ್ಲಿ ‘ಈತನೇ ಮುಂದಾಳು’ ಅಂತ ಇದ್ದರೆ ಮರ್ಯಾದೆ ಹೋಗೋದು ನಿನ್ನದೇ.

ಡ್ರಾಫ್ಟ್ ಮಕ್ಕಳ ಕೈಯಲ್ಲಿ ಬರೆಸಿದರೆ ಇನ್ನೊಂದು ಎಡವಟ್ಟಿದೆ. ಮೂರು ಪತ್ರವನ್ನೂ ಬರೆಯೋದು ಒಂದೇ ಕೈ. ಅಡ್ಮಿಷನ್ ಸಮಿತಿಯಲ್ಲಿ ಕೂತವರು ಆ ಮೂರನ್ನೂ ಒಟ್ಟಿಗೆ, ಅದೇ ಕೈ ಬರೆದ ಸ್ಟೇಟ್‌ಮೆಂಟಿನ ಜೊತೆಗೇ ಓದುತ್ತಾರೆ. ಮೂರು ಜನ ಬೇರೆ ಬೇರೆ ವಯಸ್ಸಿನವರು, ಬೇರೆ ಬೇರೆ ಊರಿನವರು ಒಂದೇ ಜಾಗದಲ್ಲಿ ‘ಮೋರ್‌ಓವರ್’ ಅಂತ ಉಸಿರೆಳೆದುಕೊಂಡರೆ ಅನುಮಾನ ಬರೋಕೆ ಪತ್ತೇದಾರಿ ಬೇಕಿಲ್ಲ. ಆಮೇಲೆ ಅನುಮಾನ ಬರೋದು ಪತ್ರದ ಮೇಲಷ್ಟೇ ಅಲ್ಲ, ಹುಡುಗಿಯ ಮೇಲೆ. ಸಹಿ ಹಾಕಿದ ದೊಡ್ಡ ಮನುಷ್ಯ ಆರಾಮಾಗಿ ಮನೇಲಿರುತ್ತಾನೆ.

ಎಂ.ಬಿ.ಎ. ಕಡೆಯವರು ಈ ಆಟ ಅರ್ಥ ಮಾಡಿಕೊಂಡ ಹಾಗಿದೆ. ಜಿಮ್ಯಾಟ್ ಪರೀಕ್ಷೆ ನಡೆಸುವ ಸಂಸ್ಥೆ ರೂಪಿಸಿದ, ಹಲವು ಬಿಸಿನೆಸ್ ಸ್ಕೂಲುಗಳು ಬಳಸುವ ಒಂದು ಶಿಫಾರಸು ಫಾರ್ಮ್ ಇದೆ. ಅದರಲ್ಲಿ ಬಿಡಿಯಾಗಿ ಹೊಗಳೋಕೆ ಜಾಗವೇ ಕಮ್ಮಿ. ಇದೇ ಥರದ ಕೆಲಸದಲ್ಲಿರುವ ಇತರ ಸಮರ್ಥರಿಗೆ ಹೋಲಿಸಿದರೆ ಇವರು ಹೇಗೆ, ಉದಾಹರಣೆ ಸಮೇತ ಹೇಳಿ ಅಂತ ಒಂದು ಪ್ರಶ್ನೆ. ಇವರಿಗೆ ನೀವು ಕೊಟ್ಟ ಅತಿ ಮುಖ್ಯ ತಿದ್ದುಪಡಿಯ ಸಲಹೆ ಯಾವುದು, ಯಾವ ಸಂದರ್ಭದಲ್ಲಿ ಕೊಟ್ಟಿರಿ, ಅವರು ಅದಕ್ಕೆ ಹೇಗೆ ಸ್ಪಂದಿಸಿದರು ಅಂತ ಇನ್ನೊಂದು. ಎರಡನೇ ಪ್ರಶ್ನೆಗೆ ಜೆರಾಕ್ಸ್ ಅಂಗಡಿಯಲ್ಲಿ ಉತ್ತರ ಇಲ್ಲ. ಕೆಲವರು ಅಲ್ಲೂ ಜಾಣತನ ತೋರಿಸಿ, ‘ಕೆಲಸದಲ್ಲಿ ಮುಳುಗಿ ಊಟ ಮರೀತಾರೆ, ಊಟ ಮಾಡಿ ಅಂತ ಸಲಹೆ ಕೊಟ್ಟೆ’ ಅನ್ನೋ ಥರ ಬರೀತಾರೆ. ಇದು ಹೊಗಳಿಕೆಯೂ ಅಲ್ಲ, ಟೀಕೆಯೂ ಅಲ್ಲ. ಓದೋರನ್ನ ಪೆದ್ದರು ಅಂದುಕೊಂಡಿರೋದು ಅಷ್ಟೇ.

ಮೇಷ್ಟ್ರು ಗೆಳೆಯ ನಾಲ್ಕು ಪ್ರಶ್ನೆಯ ಮಾತು ಒಪ್ಪಿದ. ಆದರೆ ಅವನ ಕೊನೇ ಪ್ರಶ್ನೆ ಗಟ್ಟಿ ಇತ್ತು. “ನಲವತ್ತರಲ್ಲಿ ಇಪ್ಪತ್ತೈದು ಜನರ ಮುಖವೇ ನನಗೆ ನೆನಪಿರಲ್ಲ. ಅವರ ಬಗ್ಗೆ ಏನಂತ ಉದಾಹರಣೆ ಕೊಡ್ಲಿ? ಆಗಲ್ಲ ಅಂದ್ರೆ ಮಗುವಿನ ಭವಿಷ್ಯ ಹಾಳು ಮಾಡಿದ ಹಾಗಲ್ವೇನೋ?”

ಅಲ್ಲ. ಹಾಳಾಗೋದು ‘ಆಗಲ್ಲ’ ಅನ್ನೋದನ್ನ ಇಂಗ್ಲಿಷಿನಲ್ಲಿ, ಒಂದು ಪುಟ, ಲೆಟರ್‌ಹೆಡ್ ಮೇಲೆ ಬರೆದು ಕಳಿಸಿದಾಗ. ಕ್ಲಾಸಿಗೆ ಸರಿಯಾಗಿ ಬರುತ್ತಿದ್ದ, ವಿಧೇಯ ವಿದ್ಯಾರ್ಥಿ, ಉಜ್ವಲ ಭವಿಷ್ಯ ಹಾರೈಸುತ್ತೇನೆ ಅಂತ ಬರೆದರೆ ಅಲ್ಲಿಯವರು ಅದನ್ನ ಓದೋದು ‘ಈ ಮೇಷ್ಟ್ರಿಗೆ ಹೇಳೋಕೆ ಬೇರೇನೂ ಸಿಗಲಿಲ್ಲ’ ಅಂತಲೇ. ಎಷ್ಟೋ ಸಲ ಮಕ್ಕಳು ಪತ್ರ ನೋಡುವ ಹಕ್ಕು ಬಿಟ್ಟುಕೊಟ್ಟಿದ್ದೇವೆ ಅಂತ ಅರ್ಜಿಯಲ್ಲಿ ಟಿಕ್ ಮಾಡಿರುತ್ತಾರೆ. ಹಾಗಾಗಿ ತಮ್ಮನ್ನ ಕೆಳಗೆ ಎಳೆದದ್ದು ಯಾವುದು ಅಂತ ಅವರಿಗೆ ಯಾವತ್ತೂ ಗೊತ್ತಾಗಲ್ಲ. ಅಕ್ಟೋಬರಿನಲ್ಲಿ ಮುಖ ನೋಡಿ ‘ಆಗಲ್ಲ’ ಅಂದರೆ ಆ ಹುಡುಗನಿಗೆ ಎರಡು ತಿಂಗಳಿರುತ್ತೆ. ಮೂರನೇ ಸೆಮಿಸ್ಟರಿನಲ್ಲಿ ಅವನ ಜೊತೆ ರಾತ್ರಿ ಎಂಟರವರೆಗೆ ಲ್ಯಾಬಿನಲ್ಲಿ ಕೂತಿದ್ದ ಜೂನಿಯರ್ ಲೆಕ್ಚರರ್ ನೆನಪಾಗಬಹುದು. ಅವರಿಗೆ ಪಿ.ಎಚ್‌ಡಿ. ಇಲ್ಲದಿರಬಹುದು, ಮುಖ್ಯಸ್ಥರ ಸೀಲು ಇಲ್ಲದಿರಬಹುದು. ಅವರ ಹತ್ತಿರ ಒಂದು ಉದಾಹರಣೆ ಇರುತ್ತೆ.

ಹೋದ ತಿಂಗಳು ಬಿ.ಟಿ.ಎಂ. ಲೇಔಟಿನಿಂದ ಒಬ್ಬ ಹುಡುಗ ಮೇಲ್ ಮಾಡಿದ್ದ. ನಮ್ಮ ಆಫೀಸಿನಲ್ಲಿ ಆರು ವಾರ ಇಂಟರ್ನ್ ಆಗಿದ್ದವನು, ಬೇರೆ ಟೀಮಿನಲ್ಲಿ. ನನಗೆ ಅವನ ಹೆಸರು ಗೊತ್ತು, ಒಳ್ಳೇ ಹುಡುಗ ಅಂತ ಗೊತ್ತು, ಅಷ್ಟೇ. ನಾನು ಬರೆದ ಉತ್ತರ ಇದು: ‘ನಿನ್ನ ಕೆಲಸವನ್ನು ನಾನು ಹತ್ತಿರದಿಂದ ನೋಡಿಲ್ಲ. ನಾನು ಬರೆದರೆ ಅದರಲ್ಲಿ ನಿನ್ನ ಹೆಸರು ಬಿಟ್ಟು ನಿನ್ನದು ಅಂತ ಏನೂ ಇರುವುದಿಲ್ಲ, ಅಂಥ ಪತ್ರದಿಂದ ನಿನಗೆ ನಷ್ಟ. ನಿನ್ನ ಗೈಡ್ ಆಗಿದ್ದವರು ಈಗ ಬೇರೆ ಕಂಪನಿಯಲ್ಲಿದ್ದಾರೆ. ಅವರ ಮೇಲ್ ಐಡಿ ನಿನಗೆ ಕೊಡಬಹುದಾ ಅಂತ ಅವರನ್ನು ಕೇಳಿದ್ದೇನೆ, ಆಗಲಿ ಅಂದಿದ್ದಾರೆ. ಅವರಿಗೆ ಬರೆಯುವಾಗ ಪತ್ರ ಕೊಡಿ ಅಂತ ಮೊದಲೇ ಕೇಳಬೇಡ. ನೀನು ಮಾಡಿದ್ದರಲ್ಲಿ ಅವರಿಗೆ ಏನು ನೆನಪಿದೆ ಅಂತ ಕೇಳು.’

ಅವನಿಂದ ಮೂರು ದಿನ ಉತ್ತರ ಬರಲಿಲ್ಲ, ಬೇಜಾರಾಗಿರಬೇಕು. ನಾಲ್ಕನೇ ದಿನ ಒಂದು ಸಾಲು ಬಂತು: ‘ಸಾರ್, ನನಗೇ ಮರೆತುಹೋಗಿದ್ದ ಒಂದು ಬಗ್ ಅವರಿಗೆ ನೆನಪಿದೆ.’